ಇಪ್ಪತ್ತಮೂರು ಚೀಟಿ, ಒಂದು ಕಾರ್ಡು

ನಮ್ಮ ಅಕೌಂಟ್ಸ್ ಸೆಕ್ಷನ್ನಿನ ಮೇಡಂಗೆ ಮೈಸೂರಿಂದ ಹುಬ್ಬಳ್ಳಿಗೆ ವರ್ಗವಾಯಿತು. ಬೀಳ್ಕೊಡುಗೆ ಕಾರ್ಡಿನ ಕೆಲಸ ನನ್ನ ಪಾಲಿಗೆ ಬಂತು. ಹಿಂದೊಮ್ಮೆ ಒಬ್ಬರು ನಿವೃತ್ತರಾದಾಗ ಕಾರ್ಡನ್ನು ಕವರಿನಲ್ಲಿಟ್ಟು ಟೇಬಲಿಂದ ಟೇಬಲಿಗೆ ಕಳಿಸಿದ್ದೆ. ಮೊದಲು ಕೈಗೆ ಸಿಕ್ಕವರು ನಟ್ಟನಡುವೆ ದಪ್ಪಕ್ಷರದಲ್ಲಿ ‘ಆಲ್ ದಿ ಬೆಸ್ಟ್ ಸರ್’ ಎಂದು ಬರೆದರು. ಮುಂದಿನವರು ಅದನ್ನು ನೋಡಿ ಅದನ್ನೇ ಬರೆದರು. ಕೊನೆಗೆ ಬಂದವರಿಗೆ ಅಂಚಿನಲ್ಲಿ ಸಹಿ ಹಾಕುವಷ್ಟೇ ಜಾಗ. ಹಾಗಾಗಿ ಈ ಸಲ ಕಾರ್ಡನ್ನು ಮೊದಲೇ ಯಾರ ಕೈಗೂ ಕೊಡಬಾರದು ಎಂದುಕೊಂಡೆ.

ಬೀಳ್ಕೊಡುಗೆಗೆ ಒಂಬತ್ತು ದಿನ ಇರುವಾಗ ಇಪ್ಪತ್ತಮೂರು ಜನರಿಗೂ ಬೇರೆ ಬೇರೆಯಾಗಿ ವಾಟ್ಸಾಪ್ ಮಾಡಿದೆ. ಗ್ರೂಪಿನಲ್ಲಿ ಕೇಳಿದರೆ ಮೊದಲ ಉತ್ತರವೇ ಎಲ್ಲರ ಉತ್ತರವಾಗುತ್ತದೆ. ‘ಮೇಡಂ ಬಗ್ಗೆ ಬರೆದುಕೊಡಿ’ ಅಂತಲೂ ಕೇಳಲಿಲ್ಲ. ‘ಮೇಡಂ ಜೊತೆ ನಡೆದ ಒಂದು ಸಂಗತಿ ಹೇಳಿ, ಎರಡು ಮೂರು ಸಾಲು ಸಾಕು’ ಅಂದೆ. ಆದರೂ ಹತ್ತು ಜನ ‘ತುಂಬಾ ಒಳ್ಳೆಯವರು’ ಎಂದೇ ಕಳಿಸಿದರು. ಅವರ ಟೇಬಲಿಗೇ ಹೋಗಿ, ‘ಒಳ್ಳೆಯವರು ಅಂತ ನಿಮಗೆ ಗೊತ್ತಾಗಿದ್ದು ಯಾವತ್ತು?’ ಎಂದು ಕೇಳಿದೆ. ರವಾನೆ ವಿಭಾಗದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಗಳ ಫೀಸು ಕಟ್ಟೋ ದಿನ ನನ್ನ ಬಿಲ್ಲು ನಿಂತಿತ್ತು. ಮೇಡಂ ಊಟಕ್ಕೆ ಏಳದೆ ಪಾಸ್ ಮಾಡಿಕೊಟ್ರು’ ಅಂದರು. ಅದನ್ನು ಹಾಗೇ ಗೀಚಿಕೊಂಡೆ.

ಒಂದೊಂದು ಮಾತನ್ನೂ ಒಂದೊಂದು ಚೀಟಿಗಿಳಿಸಿ ಮನೆಯ ಊಟದ ಟೇಬಲಿನ ಮೇಲೆ ಹರಡಿದೆ. ಹುದ್ದೆಯ ಪ್ರಕಾರ ಜೋಡಿಸಿದರೆ ಹಾಜರಿ ಪುಸ್ತಕದ ಹಾಗೆ ಕಂಡಿತು. ಸಹಾಯ, ತಮಾಷೆ, ಊಟ ಎಂದು ವಿಂಗಡಿಸಿದರೆ ಒಂದೇ ರುಚಿಯ ನಾಲ್ಕು ನಾಲ್ಕು ಮಾತು ಸಾಲಾಗಿ ಬಂದು ಬೇಸರ ತರಿಸಿತು. ಮತ್ತೆ ಮತ್ತೆ ಓದುವಾಗ ಗಮನಕ್ಕೆ ಬಂದದ್ದು: ಹೆಚ್ಚಿನ ಚೀಟಿಗಳಲ್ಲಿ ಗಡಿಯಾರ ಇದೆ. ಬೆಳಿಗ್ಗೆ ಬೀರು ತೆಗೆಯುವುದು, ಹನ್ನೊಂದರ ಕಾಫಿ, ಊಟದ ಡಬ್ಬಿ, ಸಂಜೆ ಲೆಕ್ಕ ತಾಳೆ ನೋಡುವುದು. ಸರಿ, ಇಡೀ ಕಾರ್ಡು ಮೇಡಂ ಅವರ ಒಂದು ದಿನ ಆಗಲಿ. ವರ್ಷದ ಲೆಕ್ಕ ಮುಗಿಸುವ ಮಾರ್ಚ್ 31ರ ನೆನಪುಗಳು ಎಲ್ಲಿ ಸೇರಬೇಕು ಎಂದು ತೊಡಕಾಯಿತು. ಆವತ್ತು ನಾವು ಮನೆಗೆ ಹೋಗುವುದು ರಾತ್ರಿಯೇ ತಾನೆ, ದಿನದ ಕೊನೆಗೆ ಇಟ್ಟೆ. ನಾನು ಸೇರಿಸಿದ್ದು ಐದು ತಲೆಬರಹ ಮಾತ್ರ: ಬೀರು, ಕಾಫಿ, ಡಬ್ಬಿ, ತಾಳೆ, ರಾತ್ರಿ.

ಅವರ ಮನೆಯ ಚಟ್ನಿಪುಡಿಯ ಬಗ್ಗೆಯೇ ಆರು ಚೀಟಿ ಇದ್ದವು. ಆರನ್ನೂ ಹಾಕಿದರೆ ಓದುವವರಿಗೆ ಮೂರನೆಯದಕ್ಕೇ ಸಾಕಾಗುತ್ತದೆ, ಐದನ್ನು ಬಿಟ್ಟರೆ ಐವರಿಗೆ ಬೇಜಾರು. ಎಲ್ಲಕ್ಕಿಂತ ಚೆನ್ನಾಗಿದ್ದ ಒಂದನ್ನು ಪೂರ್ತಿ ಇಟ್ಟು, ಕೆಳಗೆ ‘ಡಬ್ಬಿ ಖಾಲಿ ಮಾಡಿದ ಉಳಿದ ಅಪರಾಧಿಗಳು’ ಎಂದು ಐವರಿಂದ ಸಹಿ ಹಾಕಿಸಿದೆ.

ತಿದ್ದುವಾಗ ಕತ್ತರಿ ಮಾತ್ರ ಆಡಿಸಿದೆ, ನನ್ನ ಪದ ಸೇರಿಸಲಿಲ್ಲ. ಧಾರವಾಡದವರ ‘ಭಾಳ ನೆನಪಾಗ್ತೀರಿ ಬಿಡ್ರೀ’ಯನ್ನು ಗ್ರಾಂಥಿಕ ಮಾಡಿದರೆ ಅವರ ದನಿಯೇ ಹೋಗುತ್ತದೆ. ಕೆಲವರು ‘ಅವರು’ ಎಂದು ಮೂರನೆಯವರ ಬಗ್ಗೆ ಹೇಳುವಂತೆ ಬರೆದಿದ್ದರು. ಮೇಡಂ ಕೈಗೆ ಹೋಗುವ ಕಾಗದದಲ್ಲಿ ಅದು ಶಿಫಾರಸು ಪತ್ರದ ಹಾಗೆ ಕೇಳುತ್ತಿತ್ತು, ಬರೆದವರನ್ನೇ ಕೇಳಿ ‘ನೀವು’ ಮಾಡಿದೆ. ಮೇಡಂ ಜೊತೆಗೇ ಕೆಲಸಕ್ಕೆ ಸೇರಿದ ಗೆಳತಿಯೊಬ್ಬರದು ಮಾತ್ರ ‘ಲೇ, ನೀನು’ ಎಂದಿತ್ತು. ಅದನ್ನು ಮುಟ್ಟಲಿಲ್ಲ. ಸಾಹೇಬರು ಕಳಿಸಿದ ಒಂದು ಪುಟದಲ್ಲಿ ಕರ್ತವ್ಯನಿಷ್ಠೆ, ಉಜ್ವಲ ಭವಿಷ್ಯ ಎಲ್ಲ ಇದ್ದು, ನಡುವೆ ಒಂದು ಸಾಲು ಅಡಗಿತ್ತು: ‘ನನ್ನ ತಪ್ಪು ಕೂಡಿಕೆಯನ್ನು ನೀವು ಪೆನ್ಸಿಲಿನಲ್ಲಿ ತಿದ್ದಿ ಕಳಿಸುತ್ತಿದ್ದಿರಿ.’ ಅದೊಂದನ್ನೇ ತೋರಿಸಿ ಇದು ಸಾಕೇ ಸರ್ ಎಂದೆ. ಮುಖ ನೋಡಿದರು, ಹ್ಞೂಂ ಅಂದರು.

ಎ3 ಅಳತೆಯ ದಪ್ಪ ಹಾಳೆಯನ್ನು ನಡುವೆ ಮಡಚಿ, ಒಳಗಿನ ಎರಡೂ ಪುಟದಲ್ಲಿ ಪೆನ್ಸಿಲಿನಿಂದ ಪ್ರತಿಯೊಬ್ಬರ ಜಾಗಕ್ಕೂ ಗೆರೆ ಹಾಕಿ, ಚೀಟಿ ನೋಡಿಕೊಂಡು ಅವರವರ ಕೈಯಲ್ಲೇ ಬರೆಸಿದೆ. ಹೊಳಪಿನ ಹಾಳೆ ಬೇಡ. ಜೆಲ್ ಪೆನ್ನಿನ ಶಾಯಿ ಅದರ ಮೇಲೆ ಬೇಗ ಒಣಗುವುದಿಲ್ಲ, ಮುಂದಿನವರ ಅಂಗೈಗೆ ಹತ್ತಿ ಹರಡುತ್ತದೆ. ಇದು ಹಳೆಯ ಕಾರ್ಡಿನಲ್ಲಿ ಕಲಿತದ್ದು.

ಎಲ್ಲ ಮುಗಿದ ಮೇಲೆ ಹೊಳೆಯಿತು, ಕಸ ಗುಡಿಸುವ ಅಮ್ಮನನ್ನು ನಾನು ಕೇಳಿಯೇ ಇರಲಿಲ್ಲ. ಅವರಿಗೆ ವಾಟ್ಸಾಪ್ ಇಲ್ಲ, ಬರೆಯಲು ಬರುವುದಿಲ್ಲ. ಅವರು ಹೇಳಿದ್ದನ್ನು ‘ಬೀರು’ ಭಾಗದ ಮೇಲೆ ಉಳಿದಿದ್ದ ಎರಡು ಬೆರಳಗಲದಲ್ಲಿ ನಾನೇ ಬರೆದೆ, ಪಕ್ಕದಲ್ಲಿ ಅವರು ಹೆಬ್ಬೆಟ್ಟು ಒತ್ತಿದರು: ‘ನೆಲ ಒಣಗೋ ತನಕ ಬಾಗಿಲಲ್ಲೇ ನಿಂತಿರೋರು ನೀವೊಬ್ರೆ ಕಣವ್ವ.’ ದಿನ ಅಲ್ಲಿಂದಲೇ ಶುರುವಾಯಿತು. ಬೀಳ್ಕೊಡುಗೆಯ ದಿನ ಮೇಡಂ ಆ ಮೊದಲ ಸಾಲು ಓದಿ ಕನ್ನಡಕ ತೆಗೆದರು. ಉಳಿದದ್ದನ್ನು ಮನೆಗೆ ಹೋಗಿ ಓದುತ್ತೇನೆ ಅಂದರು.