ಸ್ಲೈಡಿನ ಸಾಲಿನಿಂದ ಗೋಡೆಯ ಲೇಬಲಿಗೆ: ಊರಿನ ಫೋಟೋ ಪ್ರದರ್ಶನಕ್ಕೆ ಬರೆಯುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಹಳೆಯ ಕನ್ನಡ ಶಾಲೆಗಳ, ಗ್ರಂಥಾಲಯಗಳ ವಾರ್ಷಿಕೋತ್ಸವಕ್ಕೆ ಒಂದು ಪವರ್‌ಪಾಯಿಂಟ್ ತಯಾರಾಗುವುದು ಈಗ ಸಾಮಾನ್ಯ. ಸ್ಲೈಡಿಗೊಂದು ಇಸವಿ, ಒಂದು ಫೋಟೋ, ಕೆಳಗೆ ಎರಡು ಸಾಲು. ಸಭೆಯಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಆಮೇಲೆ ಯಾರಾದರೂ ‘ಇದನ್ನೇ ಪ್ರಿಂಟ್ ತೆಗೆದು ಹಾಲಿನಲ್ಲಿ ಅಂಟಿಸೋಣ, ಪ್ರದರ್ಶನ ಆಗುತ್ತದೆ’ ಅನ್ನುತ್ತಾರೆ. ಆದರೆ ಸ್ಲೈಡಿನ ಸಾಲು ಗೋಡೆಯ ಮೇಲೆ ಕೆಲಸ ಮಾಡುವುದಿಲ್ಲ. ಸಭೆಯಲ್ಲಿ ಪಕ್ಕದಲ್ಲಿ ನಿಂತು ವಿವರಿಸುವವರು ಇರುತ್ತಾರೆ, ಗೋಡೆಯ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಸ್ಲೈಡುಗಳು ಒಂದರ ಹಿಂದೆ ಒಂದು ಬರುತ್ತವೆ, ಆದರೆ ನೋಡಲು ಬಂದವರು ಯಾವ ಫೋಟೋದ ಮುಂದೆ ಮೊದಲು ನಿಲ್ಲುತ್ತಾರೋ ಹೇಳಲಾಗದು. ಹಾಗಾಗಿ ಪ್ರತಿ ಲೇಬಲ್ಲೂ ಒಂಟಿಯಾಗಿ ನಿಂತು ಅರ್ಥವಾಗಬೇಕು.

ಮೊದಲು ಎಲ್ಲವನ್ನೂ ಒಂದು ಪಟ್ಟಿಗೆ ಇಳಿಸಿ

ಪವರ್‌ಪಾಯಿಂಟಿನ Outline View ನೋಡಿ ಪಠ್ಯವೆಲ್ಲ ಸಿಕ್ಕಿತು ಅಂದುಕೊಳ್ಳಬೇಡಿ. ಫೋಟೋದ ಕೆಳಗೆ ಬೇರೆ ಪೆಟ್ಟಿಗೆ ಎಳೆದು ಟೈಪ್ ಮಾಡಿದ ಸಾಲುಗಳು ಅಲ್ಲಿ ಕಾಣುವುದೇ ಇಲ್ಲ. ಸ್ಲೈಡಿನ ಅಡಿಯ Notes ಭಾಗವನ್ನೂ ತೆರೆಯಿರಿ. ಭಾಷಣಕ್ಕೆ ಅಂತ ಬರೆದಿಟ್ಟ ಒಳ್ಳೆಯ ವಿವರ ಎಷ್ಟೋ ಸಲ ಅಲ್ಲೇ ಇರುತ್ತದೆ. ಸ್ಲೈಡು ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ ಪ್ರಿಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣಬಹುದು. ಮೊದಲೇ ಯೂನಿಕೋಡಿಗೆ ಬದಲಿಸಿಕೊಳ್ಳಿ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಕಣ್ಣಿನಿಂದಲೇ ಇನ್ನೊಮ್ಮೆ ನೋಡಿ.

ಪಟ್ಟಿಯಲ್ಲಿ ನಾಲ್ಕು ಕಾಲಂ ಸಾಕು: ಸ್ಲೈಡ್ ನಂಬರ್, ಫೋಟೋದಲ್ಲಿ ಕಣ್ಣಿಗೆ ಕಾಣುವುದೇನು, ಸ್ಲೈಡಿನಲ್ಲಿ ಹೇಳಿದ ಘಟನೆಯ ಇಸವಿ, ಫೋಟೋ ತೆಗೆದ ಇಸವಿ.

ಕೊನೆಯ ಎರಡನ್ನು ಬೇರೆ ಬೇರೆ ಇಟ್ಟದ್ದಕ್ಕೆ ಕಾರಣ ಇದೆ. ಇಂಥ ಪ್ರದರ್ಶನಗಳಲ್ಲಿ ಅತಿ ಹೆಚ್ಚು ಎಡವುವುದು ಇಲ್ಲಿಯೇ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಆ ಸ್ಲೈಡಿಗೆ ಹೊಂದುವ ಫೋಟೋ ಸಿಗದೆ, ಎಷ್ಟೋ ವರ್ಷಗಳ ನಂತರ ತೆಗೆದ ಸ್ಟೇಷನ್ನಿನ ಚಿತ್ರ ಹಾಕಿರುತ್ತೇವೆ. ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಗೋಡೆಯ ಮೇಲೆ ‘1907’ ಅಂತ ಬರೆದು ಅದರ ಮೇಲೆ ಆ ಚಿತ್ರ ತೂಗಿದರೆ, ಫೋಟೋವೇ 1907ರದ್ದು ಅಂತ ಓದುಗರು ನಂಬುತ್ತಾರೆ. ಮಕ್ಕಳು ಅದನ್ನು ಬರೆದುಕೊಂಡೂ ಹೋಗುತ್ತಾರೆ. ಇಸವಿ ಗೊತ್ತಾಗಲು ಫೋಟೋದ ಹಿಂಬದಿ ನೋಡಿ, ಸ್ಟುಡಿಯೋ ಸೀಲು ನೋಡಿ, ಬೋರ್ಡು, ವಾಹನ, ವಿದ್ಯುತ್ ಕಂಬ ನೋಡಿ. ಆದರೂ ಖಚಿತವಾಗದಿದ್ದರೆ ‘ಸುಮಾರು 1970’ ಅಂತಲೇ ಬರೆಯಿರಿ.

ಇಸವಿಗಳ ಸಾಲು ಒಂದು ಕಡೆ, ಲೇಬಲು ಇನ್ನೊಂದು ಕಡೆ

ಇಡೀ ಚರಿತ್ರೆಯನ್ನು ಲೇಬಲಿಗೆ ತುಂಬಿಸಲು ಹೋದರೆ ಲೇಬಲು ಒಡೆಯುತ್ತದೆ. ಕಾಲಾನುಕ್ರಮವನ್ನು ಗೋಡೆಯ ಮೇಲುಭಾಗದಲ್ಲಿ ಉದ್ದನೆಯ ಪಟ್ಟಿಯಾಗಿ ಓಡಿಸಿ. ಒಂದೊಂದು ಇಸವಿಗೆ ಮೂರ್ನಾಲ್ಕು ಪದ: ‘1916: ಕಾಸರಗೋಡಿನಲ್ಲಿ ತೆಂಗು ಸಂಶೋಧನಾ ಕೇಂದ್ರ’, ‘1949: ಗೋವಿಂದ ಪೈಗಳಿಗೆ ರಾಷ್ಟ್ರಕವಿ ಗೌರವ’, ‘1984: ಕಾಸರಗೋಡು ಜಿಲ್ಲೆ ಹುಟ್ಟು’. ಮುಂದೇನಾಯಿತು, ಹಿಂದೇನಿತ್ತು ಅನ್ನುವುದನ್ನು ಈ ಪಟ್ಟಿ ನೋಡಿಕೊಳ್ಳುತ್ತದೆ. ಆಗ ಲೇಬಲು ತನ್ನ ಫೋಟೋದ ಬಗ್ಗೆ ಮಾತ್ರ ಮಾತಾಡಬಹುದು.

ಎಲ್ಲ ಸ್ಲೈಡಿಗೂ ಲೇಬಲು ಬೇಕಾಗಿಲ್ಲ. ಒಂದೇ ಸಮಾರಂಭದ ಐದು ಫೋಟೋ ಇದ್ದರೆ ಒಟ್ಟಿಗೆ ತೂಗಿ, ಐದಕ್ಕೂ ಸೇರಿ ಒಂದೇ ಲೇಬಲು ಬರೆಯಿರಿ.

ಒಂದು ಸ್ಲೈಡನ್ನು ಬಿಡಿಸಿ ನೋಡೋಣ

ಉದಾಹರಣೆಗೆ ಇಂಥ ಒಂದು ಸ್ಲೈಡು ಇದೆ ಅಂತ ಇಟ್ಟುಕೊಳ್ಳಿ:

‘1956 – ಭಾಷಾವಾರು ಪ್ರಾಂತ್ಯ ರಚನೆ. ಕಾಸರಗೋಡು ಕೇರಳಕ್ಕೆ. ಕನ್ನಡಿಗರ ಹೋರಾಟ. ಮಹಾಜನ ಆಯೋಗದ ವರದಿ 1967 – ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಎಂದು ಶಿಫಾರಸು – ಜಾರಿಯಾಗಲಿಲ್ಲ.’

ಜೊತೆಗಿರುವ ಫೋಟೋದಲ್ಲಿ ಶಾಲೆಯ ಬಾಗಿಲ ಮುಂದೆ ಮೇಷ್ಟ್ರುಗಳು ಕುರ್ಚಿಯಲ್ಲಿ ಕೂತಿದ್ದಾರೆ, ಮಕ್ಕಳು ಸಾಲಾಗಿ ನಿಂತಿದ್ದಾರೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ವಾರ್ಷಿಕೋತ್ಸವ 1962’ ಅಂತ ಇದೆ.

ಸ್ಲೈಡಿನ ಮಾತುಗಳೆಲ್ಲ ನಿಜವೇ. ಆದರೆ ಅವುಗಳಲ್ಲಿ ಒಂದೂ ಈ ಫೋಟೋದಲ್ಲಿ ಕಾಣುವುದಿಲ್ಲ. ಓದುಗರು ಮೊದಲು ಚಿತ್ರ ನೋಡುತ್ತಾರೆ, ಆಮೇಲೆ ಲೇಬಲಿಗೆ ಕಣ್ಣು ಇಳಿಸುತ್ತಾರೆ, ಮತ್ತೆ ಚಿತ್ರಕ್ಕೆ ಹೋಗುತ್ತಾರೆ. ಮೊದಲ ವಾಕ್ಯ ಚಿತ್ರದೊಳಗಿನ ಯಾವುದೋ ಒಂದನ್ನು ತೋರಿಸಿದರೆ ಅವರು ನಿಲ್ಲುತ್ತಾರೆ. ಇಲ್ಲಿ ಹಾಗೆ ತೋರಿಸಬಹುದಾದದ್ದು ಬಾಗಿಲ ಮೇಲಿನ ಬೋರ್ಡು:

‘ಶಾಲೆಯ ವಾರ್ಷಿಕೋತ್ಸವ, 1962. ಬಾಗಿಲ ಮೇಲಿನ ಬೋರ್ಡು ನೋಡಿ. ಶಾಲೆಯ ಹೆಸರು ಮೇಲೆ ಕನ್ನಡದಲ್ಲಿದೆ, ಕೆಳಗೆ ಮಲಯಾಳದಲ್ಲಿದೆ. ಆರು ವರ್ಷ ಹಿಂದೆ, 1956ರ ನವೆಂಬರ್ 1ರಂದು, ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದಿಂದ ಕೇರಳಕ್ಕೆ ಸೇರಿತ್ತು. ತರಗತಿಯಲ್ಲಿ ಪಾಠ ಕನ್ನಡದಲ್ಲೇ ಮುಂದುವರಿಯಿತು. ಕುರ್ಚಿಯಲ್ಲಿ ಎಡದಿಂದ ಮೂರನೆಯವರ ಹೆಸರು ತಿಳಿದಿಲ್ಲ.’

ಸುಮಾರು 35 ಪದ ಆಯಿತು. ಇಂಗ್ಲಿಷ್ ಲೇಬಲಿಗೆ 50ರಿಂದ 75 ಪದ ಎಂಬ ರೂಢಿ ಇದೆ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಂಡು ಪದ ಉದ್ದವಾಗುತ್ತದೆ, ಹಾಗಾಗಿ 40 ದಾಟದಿರುವುದು ಒಳ್ಳೆಯದು. ಕೊನೆಯ ವಾಕ್ಯವನ್ನು ನಾಚಿಕೆಯಿಂದ ತೆಗೆದುಹಾಕಬೇಡಿ. ಗೊತ್ತಿರುವ ಅಜ್ಜನೋ ಅಜ್ಜಿಯೋ ಅದನ್ನು ಓದಿಯೇ ಹೆಸರು ಹೇಳುವುದು.

ಮಹಾಜನ ಆಯೋಗವನ್ನು ಬಿಟ್ಟೆವಲ್ಲ? ಬಿಟ್ಟಿಲ್ಲ, ಜಾಗ ಬದಲಿಸಿದ್ದೇವೆ. ಅದು ಗಡಿಯ ಪ್ರಶ್ನೆ. ಚಂದ್ರಗಿರಿ ಹೊಳೆ ಎಲ್ಲಿ ಹರಿಯುತ್ತದೆ ಅಂತ ಕಾಣದೆ ಅದು ಅರ್ಥವಾಗುವುದಿಲ್ಲ. ಒಂದು ನಕ್ಷೆ ತೂಗಿ, ಅದರ ಪಕ್ಕಕ್ಕೆ ಈ ವಿಷಯ ಕೊಡಿ. ‘ಕನ್ನಡಿಗರ ಹೋರಾಟ’ ಎಂಬ ಎರಡು ಪದವೂ ಫೋಟೋ ಇಲ್ಲದೆ ಬರಿಯ ಘೋಷಣೆ. ಮೆರವಣಿಗೆಯ ಚಿತ್ರವೋ, ಕರಪತ್ರವೋ ಸಿಕ್ಕಿದರೆ ಅದರ ಕೆಳಗೆ ಅದಕ್ಕೆ ಜೀವ ಬರುತ್ತದೆ.

ಎಲ್ಲ ಲೇಬಲು ಬರೆದ ಮೇಲೆ ‘ನಂತರ’, ‘ಮೇಲೆ ಹೇಳಿದಂತೆ’, ‘ಇದೇ ವರ್ಷ’ ಎಂಬ ಪದಗಳನ್ನು ಹುಡುಕಿ ತೆಗೆಯಿರಿ. ಅವು ಹಿಂದಿನ ಸ್ಲೈಡನ್ನು ನೆಚ್ಚಿಕೊಂಡ ಮಾತುಗಳು. ‘ಅಪಾರ ಕೊಡುಗೆ ನೀಡಿದ ಮಹನೀಯರು’ ಅಂತ ಇದ್ದಲ್ಲಿ ಅವರು ಮಾಡಿದ ಒಂದು ಕೆಲಸ ಹೇಳಿ: ಯಾವ ವರ್ಷ, ಯಾವ ಕಟ್ಟಡ, ಎಷ್ಟು ಮಕ್ಕಳಿಗೆ ಪಾಠ.

ಮಲಯಾಳಕ್ಕೂ ಸಮಾನ ಜಾಗ

ನಮ್ಮ ಕಡೆ ನೋಡಲು ಬರುವವರಲ್ಲಿ ಮಲಯಾಳ ಮಾತ್ರ ಓದುವವರೂ ಇರುತ್ತಾರೆ. ಎ4 ಹಾಳೆಯ ಮೇಲರ್ಧ ಕನ್ನಡ, ಕೆಳಗರ್ಧ ಮಲಯಾಳ, ಎರಡಕ್ಕೂ ಒಂದೇ ಗಾತ್ರದ ಅಕ್ಷರ. ಕನ್ನಡ ಲೇಬಲು ಅಂತಿಮವಾದ ಮೇಲೆಯೇ ಮಲಯಾಳ ಬರೆಸಿ. ಇಲ್ಲದಿದ್ದರೆ ಒಂದರಲ್ಲಿ ತಿದ್ದಿದ ಇಸವಿ ಇನ್ನೊಂದರಲ್ಲಿ ಹಾಗೆಯೇ ಉಳಿಯುತ್ತದೆ.

ಅಕ್ಷರ 22 ಪಾಯಿಂಟಿಗಿಂತ ಕಡಿಮೆ ಬೇಡ. ಸಾಲುಗಳ ನಡುವಿನ ಅಂತರ 1.4 ಇಡಿ. ಅದಕ್ಕಿಂತ ಒತ್ತಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಒಂದು ಲೇಬಲನ್ನು ನಿಜವಾದ ಗಾತ್ರದಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಒಂದೂವರೆ ಮೀಟರ್ ದೂರದಿಂದ ಕನ್ನಡಕ ಹಾಕುವ ಹಿರಿಯರಿಂದ ಓದಿಸಿ. ಜೊತೆಗೆ ಊರಿನ ಚರಿತ್ರೆ ತಿಳಿಯದ ಒಬ್ಬರಿಗೂ ಓದಲು ಕೊಡಿ. ಅವರು ‘ಯಾರು ಇವರು?’ ಅಂತ ಕೇಳಿದ ಜಾಗದಲ್ಲಿ ಲೇಬಲನ್ನು ತಿದ್ದಬೇಕು.

ಲೇಬಲುಗಳನ್ನು ಫ್ರೇಮಿನೊಳಗೆ ಸೇರಿಸಬೇಡಿ, ಬೇರೆ ದಪ್ಪ ಹಾಳೆಯಲ್ಲಿ ಮಾಡಿ ಎರಡು ಕಡೆ ಅಂಟುವ ಟೇಪಿನಿಂದ ಹಚ್ಚಿ. ಬಾಗಿಲ ಬಳಿ ಒಂದು ನೋಟ್‌ಬುಕ್ಕು, ಪೆನ್ನು ಇಡಿ. ಮೊದಲ ದಿನ ಸಂಜೆಯೇ ಯಾರಾದರೂ ಹೆಸರೋ ಇಸವಿಯೋ ತಿದ್ದಿ ಬರೆದಿರುತ್ತಾರೆ. ವಿಚಾರಿಸಿ ಸರಿ ಅನಿಸಿದರೆ ಮರುದಿನ ಬೆಳಿಗ್ಗೆ ಆ ಒಂದು ಹಾಳೆಯನ್ನು ಮಾತ್ರ ಬದಲಿಸಿದರೆ ಆಯಿತು.