ಒಂದು ಎಕರೆ ಡ್ರಿಪ್: ಹಾಕಿದ ದುಡ್ಡು ನಾಲ್ಕನೇ ಬೆಳೆಗೆ ವಾಪಸ್ ಬಂತು

ಎಕರೆಗೆ ಡ್ರಿಪ್ ಹಾಕಿಸೋಕೆ ಎಷ್ಟಾಗುತ್ತೆ ಅಂತ ಕೇಳಿದವರಿಗೆಲ್ಲ ನಾನು ಮೊದಲು ಕೇಳುವುದು ಒಂದೇ: ಸಾಲಿನಿಂದ ಸಾಲಿಗೆ ಅಂತರ ಎಷ್ಟು? ಖರ್ಚು ನಿಂತಿರುವುದೇ ಅದರ ಮೇಲೆ.

ಎಕರೆ ಅಂದ್ರೆ ಸುಮಾರು 4,047 ಚದರ ಮೀಟರ್. ನಾನು ಟೊಮೆಟೊಗೆ ಜೋಡಿ ಸಾಲು ಮಾಡಿ, ಎರಡು ಸಾಲಿಗೆ ಒಂದರಂತೆ 1.2 ಮೀಟರಿಗೊಂದು ಲ್ಯಾಟರಲ್, ಅಂದ್ರೆ ಸಾಲಿನುದ್ದಕ್ಕೂ ಹೋಗುವ ಡ್ರಿಪ್ ಪೈಪು ಎಳೆದೆ. 4,047ನ್ನು 1.2ರಿಂದ ಭಾಗಿಸಿದರೆ ಸುಮಾರು 3,370 ಮೀಟರ್ ಪೈಪು. 60 ಸೆಂಟಿಮೀಟರಿಗೊಂದು ಎಳೆದಿದ್ದರೆ ಪೈಪು ಸರಿಯಾಗಿ ಎರಡರಷ್ಟು ಬೇಕಾಗುತ್ತಿತ್ತು. 40 ಸೆಂಟಿಮೀಟರಿಗೊಂದು ಡ್ರಿಪ್ಪರ್, ಗಂಟೆಗೆ 2 ಲೀಟರ್. ಅಂದ್ರೆ ಒಟ್ಟಿಗೆ ಬಿಟ್ಟರೆ ಗಂಟೆಗೆ ಹೆಚ್ಚುಕಮ್ಮಿ 17,000 ಲೀಟರ್ ಬೇಕು. ನನ್ನ ಪಂಪಿಗೆ ಅಷ್ಟು ಕೊಡುವ ಶಕ್ತಿ ಇರಲಿಲ್ಲ, ಹಾಗಾಗಿ ಎರಡು ಭಾಗ ಮಾಡಿ ಎರಡು ವಾಲ್ವ್ ಇಟ್ಟೆ.

ಒಟ್ಟು ಖರ್ಚು 100 ಅಂತ ಇಟ್ಟುಕೊಳ್ಳಿ. ನನಗೆ ಲ್ಯಾಟರಲ್‌ಗೆ 45, ಮೈನ್ ಮತ್ತು ಸಬ್‌ಮೈನ್ ಪೈಪಿಗೆ 20, ಫಿಲ್ಟರ್ ಮತ್ತು ವಾಲ್ವಿಗೆ 20 ಹೋಯಿತು. ಉಳಿದ 15 ಜೋಡಣೆ ಸಾಮಾನು, ಕಾಲುವೆ ತೋಡಿದ ಕೂಲಿ. ಈ ಕೊನೆಯದನ್ನು ಕೊಟೇಶನ್‌ನಲ್ಲಿ ಬರೆದೇ ಇರಲಿಲ್ಲ!

ಇನ್ನು ವಾಪಸ್ ಬಂದದ್ದು. ಕಳೆ ಕೀಳುವ, ನೀರು ಕಟ್ಟುವ ಕೂಲಿಯಲ್ಲಿ ಬೆಳೆಗೆ 9 ಉಳಿಯಿತು, ಗೊಬ್ಬರದಲ್ಲಿ 5, ಪಂಪಿನ ಖರ್ಚಿನಲ್ಲಿ 3. ಇಳುವರಿ ಹೆಚ್ಚಾಗಿದ್ದರಿಂದ 18. ಇಲ್ಲಿ ಹುಷಾರು, ಜಾಸ್ತಿ ಬಂದ ಹಣ್ಣನ್ನು ಕೀಳೋಕೆ, ತುಂಬೋಕೆ, ಸಾಗಿಸೋಕೆ ಆಗುವ ಖರ್ಚನ್ನು ಕಳೆದೇ ಲೆಕ್ಕ ಹಾಕಬೇಕು, ನಾನು ಮೊದಲು ಹಾಗೆ ಮಾಡದೆ ಎರಡೇ ಬೆಳೆಗೆ ದುಡ್ಡು ವಾಪಸ್ ಅಂತ ಖುಷಿಪಟ್ಟಿದ್ದೆ. ಎಲ್ಲ ಸೇರಿ 35. ರಿಪೇರಿ, ಪೈಪು ತೊಳೆಯುವ ಆ್ಯಸಿಡ್ ಅಂತ 5 ಕಳೆದರೆ ಬೆಳೆಗೆ 30.

ಆದರೆ ಮೊದಲ ಬೆಳೆಗೆ ಸಿಕ್ಕಿದ್ದು 18 ಮಾತ್ರ. ಫಿಲ್ಟರ್ ತೊಳೆಯೋದನ್ನು ಮರೆತಿದ್ದೆ. ಸಾಲಿನ ಕೊನೆಯ ಗಿಡಗಳು ಬಾಡಿದವು, ನಾನು ರೋಗ ಅಂದುಕೊಂಡು ಸುಮ್ನೆ ಔಷಧಿ ಹೊಡೆದೆ. ಆಮೇಲೆ ಡ್ರಿಪ್ಪರ್ ಕೆಳಗೆ ಲೋಟ ಇಟ್ಟು ನೋಡಿದೆ. 2 ಲೀಟರಿನ ಡ್ರಿಪ್ಪರ್ 3 ನಿಮಿಷಕ್ಕೆ 100 ಮಿಲಿಲೀಟರ್ ಕೊಡಬೇಕು. ಸಾಲಿನ ಮೊದಲಲ್ಲಿ ಅಷ್ಟು ಬಂತು, ಕೊನೆಯಲ್ಲಿ 40 ಕೂಡ ಬರಲಿಲ್ಲ. ತುದಿಯ ಮುಚ್ಚಳ ಬಿಚ್ಚಿದರೆ ಕಂದು ಕೆಸರು. ಈಗ ಫಿಲ್ಟರಿನ ಹಿಂದೆ ಮುಂದೆ ಪ್ರೆಶರ್ ಗೇಜ್ ಇದೆ, ಎರಡರ ನಡುವಿನ ವ್ಯತ್ಯಾಸ ಏರಿದರೆ ತೊಳೆಯುತ್ತೇನೆ.

18, ಆಮೇಲೆ ಮೂರು ಸಲ 30. ನಾಲ್ಕನೇ ಬೆಳೆಗೆ 108. ನನ್ನ ಲ್ಯಾಟರಲ್ ಆರು ಬೆಳೆ ಬಾಳಿದರೆ ಇನ್ನೆರಡು ಬೆಳೆಯಲ್ಲಿ 60 ಸಿಗುತ್ತೆ, ಅದರಲ್ಲಿ 45 ಹೊಸ ಲ್ಯಾಟರಲ್‌ಗೇ ಬೇಕು. ಅಗ್ಗ ಅಂತ ತೆಳು ಪೈಪು ತಗೊಂಡು ಅದು ಮೂರೇ ಬೆಳೆಗೆ ಹರಿದುಹೋಗಿದ್ದರೆ, ನಾನು ಇನ್ನೂ ಸಾಲದಲ್ಲೇ ಇರುತ್ತಿದ್ದೆ.