ಸರಾಸರಿಗಳ ಸರಾಸರಿ: ವರದಿಯಲ್ಲೇ ಹಿಡಿಯುವ ನನ್ನ ವಿಧಾನ

ಗುಂಪುಗಳ ಗಾತ್ರ ನೋಡದೆ ಅವುಗಳ ಸರಾಸರಿಗಳನ್ನೇ ಮತ್ತೆ ಸರಾಸರಿ ಮಾಡಿ ‘ಒಟ್ಟಾರೆ’ ಅನ್ನುವುದು ತಪ್ಪು. ಮೂಲ ದತ್ತಾಂಶ ಕೈಗೆ ಸಿಗದೆ ಈ ತಪ್ಪು ಹಿಡಿಯೋಕೆ ಆಗಲ್ಲ ಅಂತ ವಾದಿಸುತ್ತಿದ್ದವರು ಈಗ ನನ್ನ ಈ ವಿಧಾನವನ್ನೇ ಬಳಸುತ್ತಿದ್ದಾರೆ. ನಾಲ್ಕು ಶಾಖೆಗಳ ಮಾರಾಟದ ವರದಿಯನ್ನೇ ತೆಗೆದುಕೊಳ್ಳಿ. ನೆನಪಿನಿಂದ ಬರೆಯುತ್ತಿರುವುದರಿಂದ ಅಂಕಿಗಳು ದುಂಡಗಿವೆ.

ಮೊದಲ ಶಾಖೆಯಲ್ಲಿ 1200 ಆರ್ಡರ್, ಸರಾಸರಿ ಮೊತ್ತ 420. ಎರಡನೆಯದರಲ್ಲಿ 300 ಆರ್ಡರ್, 650. ಮೂರನೆಯದರಲ್ಲಿ 150, 880. ನಾಲ್ಕನೆಯದರಲ್ಲಿ ಬರೀ 50, ಆದರೆ ಸರಾಸರಿ 1250. ಕೆಳಗೆ ‘ಒಟ್ಟಾರೆ ಸರಾಸರಿ 800’ ಎಂದಿತ್ತು.

ನಾನು ಮೊದಲು ಮಾಡುವುದು ಆ ಸರಾಸರಿಗಳನ್ನೇ ಕೂಡಿಸಿ ಸಾಲುಗಳ ಸಂಖ್ಯೆಯಿಂದ ಭಾಗಿಸುವುದು. ಸಾಲುಗಳ ಗಾತ್ರ ಬೇರೆಬೇರೆ ಇದ್ದೂ ವರದಿಯ ಅಂಕಿ ಕೊನೆಯ ದಶಾಂಶದವರೆಗೆ ತಾಳೆಯಾದರೆ ಅನುಮಾನ ಗಟ್ಟಿ. ಇಲ್ಲಿ 3200 ಭಾಗಿಸು 4, ಸರಿಯಾಗಿ 800. ಆಮೇಲೆ ಹಣದ ಪರೀಕ್ಷೆ: 800 ಗುಣಿಸು 1700 ಆರ್ಡರ್ ಅಂದರೆ 13,60,000. ಸಾಲುಸಾಲಾಗಿ ಗುಣಿಸಿ ಕೂಡಿದರೆ ಬರುವುದು 8,93,500. ಇಲ್ಲದ 4,66,500 ಅನ್ನು ಲೆಕ್ಕಪುಸ್ತಕ ಎಲ್ಲಿಂದ ತರಬೇಕು? ‘ದುಂಡು ಮಾಡಿದ್ದರಿಂದ ಬಂದ ವ್ಯತ್ಯಾಸ’ ಎಂಬ ಸಮಜಾಯಿಷಿ ಇಲ್ಲಿ ನಿಲ್ಲಲ್ಲ. ಪ್ರತಿ ಸರಾಸರಿಯನ್ನೂ ಪೂರ್ಣಾಂಕಕ್ಕೆ ದುಂಡು ಮಾಡಿದ್ದರೂ ಒಟ್ಟಾರೆ ಸರಾಸರಿ 0.5ಕ್ಕಿಂತ ಹೆಚ್ಚು ಅಲುಗಾಡಲ್ಲ.

B ಕಾಲಂನಲ್ಲಿ ಆರ್ಡರ್ ಸಂಖ್ಯೆ, C ಕಾಲಂನಲ್ಲಿ ಸರಾಸರಿ ಇದ್ದರೆ:

```
=SUMPRODUCT(B2:B5,C2:C5)/SUM(B2:B5)
```

ಆರ್ಡರ್ ಸಂಖ್ಯೆಯನ್ನೇ ತೂಕವಾಗಿಟ್ಟ ಈ ಸರಾಸರಿ ಸುಮಾರು 525.6. ಪಿವಟ್ ಟೇಬಲ್‌ನ ಒಟ್ಟು ಸಾಲು ಮೂಲ ದಾಖಲೆಗಳಿಂದಲೇ ಸರಾಸರಿ ತೆಗೆಯುವುದರಿಂದ ಅದು ಸರಿಯಾಗಿರುತ್ತದೆ. ಅದರ ಫಲಿತಾಂಶವನ್ನು ಬೇರೆ ಶೀಟಿಗೆ ಅಂಟಿಸಿ, ಕೆಳಗೆ `AVERAGE` ಹಾಕಿದಾಗ ಎಡವಟ್ಟಾಗುತ್ತದೆ.

ಸಂಖ್ಯೆಗಳ ಕಾಲಂ ಇಲ್ಲದೆ ಎರಡೇ ಗುಂಪು ಕೊಟ್ಟಿದ್ದರೂ ದಾರಿಯಿದೆ. ಒಟ್ಟಾರೆ ಸರಾಸರಿಯಿಂದ ಎರಡನೇ ಗುಂಪಿನ ಸರಾಸರಿ ಕಳೆದು, ಅದನ್ನು ಮೊದಲ ಗುಂಪಿನ ಸರಾಸರಿಯಿಂದ ಎರಡನೆಯದರ ಸರಾಸರಿ ಕಳೆದಾಗ ಬರುವ ವ್ಯತ್ಯಾಸದಿಂದ ಭಾಗಿಸಿ. ಮೊದಲ ಗುಂಪಿನ ಪಾಲು ಸಿಗುತ್ತದೆ. ಅದು ನೆಟ್ಟಗೆ 0.5 ಬಂದು, ಗುಂಪುಗಳು ಸಮ ಅಲ್ಲ ಅಂತ ನಿಮಗೆ ಗೊತ್ತಿದ್ದರೆ, ಕೆಲಸ ಮುಗಿಯಿತು.

ಕೆಲವು ತಿಂಗಳು ತಪ್ಪು ಸೂತ್ರವೂ ಸರಿ ಉತ್ತರ ಕೊಡುವುದು ಯಾಕೆ ಅಂತ ಸುಮ್ಮನೆ ಕೆದಕಿದೆ. ಗುಂಪಿನ ಗಾತ್ರಕ್ಕೂ ಸರಾಸರಿಗೂ ನಂಟೇ ಇಲ್ಲದಿದ್ದರೆ ವ್ಯತ್ಯಾಸ ಸೊನ್ನೆ. ನಿಖರವಾಗಿ ಹೇಳಬೇಕೆಂದರೆ, ಅವೆರಡೂ ಜೊತೆಯಾಗಿ ಏರಿಳಿಯುವುದರ ಅಳತೆಯಾದ ಸಹವ್ಯತ್ಯಯವನ್ನು ಸರಾಸರಿ ಗಾತ್ರದಿಂದ ಭಾಗಿಸಿದಷ್ಟೇ ವ್ಯತ್ಯಾಸ. ಇಲ್ಲಿ −116625 ಭಾಗಿಸು 425, ಅಂದರೆ −274.4, 800ರಿಂದ 525.6ಕ್ಕೆ ಇಳಿದದ್ದೂ ಅಷ್ಟೇ. `COVARIANCE.P` ಹಾಕಿ, `COVARIANCE.S` ಹಾಕಿದರೆ ತಾಳೆಯಾಗಲ್ಲ. ಚಿಹ್ನೆ ಋಣವಾಗಿದ್ದರೆ ವರದಿ ಉಬ್ಬಿದೆ ಎಂದರ್ಥ.

ತೂಕ ಹಾಕಿದ ಮೇಲೂ ಕೈಕೊಡುವ ಜಾಗ ಒಂದಿದೆ. ಸರಾಸರಿ ತೆಗೆದದ್ದು ಪೂರ್ಣಗೊಂಡ ಆರ್ಡರ್‌ಗಳಿಂದ, ಪಕ್ಕದ ಸಂಖ್ಯೆಯಲ್ಲಿ ಮಾತ್ರ ರದ್ದಾದವೂ ಸೇರಿವೆ. ಆಗ `SUMPRODUCT` ಕೂಡ ಸುಳ್ಳೇ ಹೇಳುತ್ತದೆ. ಸರಾಸರಿಯ ಛೇದದಲ್ಲಿದ್ದ ಸಂಖ್ಯೆಯೇ ತೂಕವಾಗಬೇಕು. ಇನ್ನು, ‘ಒಂದು ಶಾಖೆ ಸಾಮಾನ್ಯವಾಗಿ ಹೇಗಿದೆ’ ಎಂಬುದೇ ಪ್ರಶ್ನೆಯಾಗಿದ್ದರೆ 800 ತಪ್ಪಲ್ಲ, ತಲೆಬರಹವಷ್ಟೇ ಬದಲಾಗಬೇಕು.